ಚೆಸ್‌ನಲ್ಲಿ ಸೋತಾಗ ಕೈ ಕುಲುಕುವುದು ಹೇಗೆ: ರಿಸೈನ್ ಮಾಡುವುದರಿಂದ ಸಹಿ ಹಾಕುವವರೆಗೆ

ಕಬಡ್ಡಿಯಲ್ಲಿ ಆಟ ಮುಗಿಯಿತು ಅಂತ ರೆಫರಿ ಸೀಟಿ ಊದುತ್ತಾರೆ. ಕ್ರಿಕೆಟ್‌ನಲ್ಲಿ ಅಂಪೈರ್ ಬೇಲ್ಸ್ ಎತ್ತುತ್ತಾರೆ. ಆಮೇಲೆ ಎರಡೂ ತಂಡದವರು ಸಾಲಾಗಿ ಬಂದು ಕೈ ಕುಲುಕುತ್ತಾರೆ. ಅಷ್ಟು ಹೊತ್ತಿಗೆ ಫಲಿತಾಂಶ ಆಗಲೇ ಬಂದಿರುತ್ತದೆ, ಕೈ ಕುಲುಕುವುದು ಮರ್ಯಾದೆಗೆ ಮಾತ್ರ.

ಚೆಸ್‌ನಲ್ಲಿ ಕಥೆ ಬೇರೆ. ಇಲ್ಲಿ ಎಷ್ಟೋ ಆಟಗಳು ಚೆಕ್‌ಮೇಟ್‌ವರೆಗೆ ಹೋಗುವುದೇ ಇಲ್ಲ. ಸೋಲುತ್ತಿರುವವರೇ ಸೋಲು ಒಪ್ಪಿಕೊಂಡು ಕೈ ಚಾಚುತ್ತಾರೆ, ಅಲ್ಲಿಗೆ ಆಟ ಮುಗಿಯುತ್ತದೆ. ಇದನ್ನೇ ರಿಸೈನ್ ಮಾಡುವುದು ಅನ್ನುತ್ತಾರೆ. ಅಂದರೆ ಸೋತ ಬೇಸರ ಇನ್ನೂ ಬಿಸಿಯಾಗಿರುವಾಗಲೇ, ಯಾರೂ ಹೇಳದೆ, ನೀವೇ ಮೊದಲು ಕೈ ಮುಂದೆ ಮಾಡಬೇಕು. ಆ ಕೈಗೆ ನಿಯಮದ ತೂಕವೂ ಇದೆ. ತಪ್ಪು ಹೊತ್ತಿನಲ್ಲಿ ಚಾಚಿದರೆ ಡ್ರಾ ಆಗಬಹುದಾಗಿದ್ದ ಆಟ ಕೈಬಿಟ್ಟು ಹೋಗುತ್ತದೆ, ಇಲ್ಲವೇ ತೀರ್ಪುಗಾರರಾದ ಆರ್ಬಿಟರ್ ಮುಂದೆ ವಾದಕ್ಕೆ ನಿಲ್ಲಬೇಕಾಗುತ್ತದೆ. ಹಾಗಾಗಿ ಸೌಜನ್ಯ ಎಷ್ಟು ಮುಖ್ಯವೋ ಯಾವುದರ ನಂತರ ಯಾವುದು ಅನ್ನೋದೂ ಅಷ್ಟೇ ಮುಖ್ಯ. ವಾರಾಂತ್ಯದ ರೇಟೆಡ್ ಟೂರ್ನಿಗಳಲ್ಲಿ ಆಡುವವರನ್ನು ಮತ್ತು ಮಕ್ಕಳನ್ನು ಕರೆದುಕೊಂಡು ಹೋಗುವ ಅಪ್ಪ ಅಮ್ಮಂದಿರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಮೊದಲು: ನಿಜವಾಗಿಯೂ ಸೋತಿದ್ದೀರಾ?

ರಿಸೈನ್ ಅಂದ ಕ್ಷಣವೇ ಆಟ ಮುಗಿಯಿತು. ಅಂತಾರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆಯ ನಿಯಮದಲ್ಲಿ ಅದನ್ನು ವಾಪಸ್ ತೆಗೆದುಕೊಳ್ಳಲು ದಾರಿ ಇಲ್ಲ. ಆದ್ದರಿಂದ ಕೈ ಚಾಚುವ ಮುನ್ನ ಒಂದು ನಿಮಿಷ ಬೋರ್ಡ್ ನೋಡಿ.

ನಾನು ಹೇಳುವ ಅಳತೆ ಸುಲಭ. ಈ ಸ್ಥಿತಿಯಲ್ಲಿ ಈ ಎದುರಾಳಿ, ಅವರ ಗಡಿಯಾರದಲ್ಲಿ ಉಳಿದಿರುವ ಸಮಯದಲ್ಲಿ, ಆಟ ಗೆಲ್ಲುತ್ತಾರಾ? ಒಂದು ರೂಕ್ ಕಡಿಮೆ ಇದೆ, ಎದುರಿಗಿರುವವರು ಅನುಭವಿ, ಅವರ ಬಳಿ ಇಪ್ಪತ್ತು ನಿಮಿಷ ಇದೆ ಅಂದರೆ ಮುಂದುವರಿಸಿ ಉಪಯೋಗ ಇಲ್ಲ. ಅದೇ ಒಂದು ರೂಕ್ ಕಡಿಮೆ ಇದ್ದು, ಅವರ ಬಳಿ ನಲವತ್ತು ಸೆಕೆಂಡ್ ಮಾತ್ರ ಉಳಿದಿದ್ದರೆ ಆಡಿ. ಅದರಲ್ಲಿ ಅಗೌರವ ಏನೂ ಇಲ್ಲ, ಗಡಿಯಾರವೂ ಆಟದ ಭಾಗವೇ.

ಹೊಸದಾಗಿ ಆಡುವ ಮಕ್ಕಳಿಗೆ ನನ್ನ ಸಲಹೆ ಇನ್ನೂ ಸರಳ: ರಿಸೈನ್ ಮಾಡಲೇಬೇಡಿ, ಚೆಕ್‌ಮೇಟ್‌ವರೆಗೆ ಆಡಿ. ಆ ಮಟ್ಟದಲ್ಲಿ ಕ್ವೀನ್ ಜಾಸ್ತಿ ಇದ್ದವರೂ ಚೆಕ್ ಕೊಡದೆಯೇ ಎದುರಿನ ರಾಜನಿಗೆ ಹೋಗಲು ಜಾಗವೇ ಉಳಿಸದೆ ಸ್ಟೇಲ್‌ಮೇಟ್ ಮಾಡಿ ಆಟ ಡ್ರಾ ಮಾಡಿಕೊಂಡುಬಿಡುತ್ತಾರೆ. ಸಿಕ್ಕ ಅರ್ಧ ಪಾಯಿಂಟ್ ಯಾಕೆ ಬಿಡಬೇಕು? ದೊಡ್ಡವರು ಕೆಲವರು "ಇಷ್ಟಾದ ಮೇಲೂ ಆಡ್ತಾನಲ್ಲ" ಅಂತ ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ ಬಿಡಿ.

ಆದರೆ ಒಂದು ನಡತೆ ಮಾತ್ರ ನಿಜಕ್ಕೂ ಕೆಟ್ಟದ್ದು. ಮುಂದಿನ ನಡೆಗೆ ಮೇಟ್ ಅಂತ ಗೊತ್ತಿದೆ, ತಪ್ಪಿಸಿಕೊಳ್ಳಲು ದಾರಿ ಇಲ್ಲ. ಆದರೂ ಗಡಿಯಾರದಲ್ಲಿ ಅರ್ಧ ಗಂಟೆ ಇದೆ ಅಂತ ಸುಮ್ನೆ ಕೈಕಟ್ಟಿ ಕೂತುಬಿಡುವುದು, ಅಥವಾ ಎದ್ದು ಹೊರಗೆ ತಿರುಗಾಡಲು ಹೋಗುವುದು. ಎದುರಾಳಿಯನ್ನು ಕಾಡಿಸಲು ಮಾತ್ರ ಹೀಗೆ ಮಾಡುತ್ತಾರೆ ಅಂತ ಎಲ್ಲರಿಗೂ ಗೊತ್ತು. ಹೀಗೆ ಕೂತು ಆಮೇಲೆ ಎಷ್ಟೇ ನಗುತ್ತಾ ಕೈ ಕೊಟ್ಟರೂ ಅದಕ್ಕೆ ಬೆಲೆ ಇಲ್ಲ.

ಮಾತು, ಗಡಿಯಾರ, ಕೈ: ಇದೇ ಕ್ರಮದಲ್ಲಿ

ರಿಸೈನ್ ಮಾಡುವವರು ಒಬ್ಬೊಬ್ಬರು ಒಂದೊಂದು ರೀತಿ. ಒಬ್ಬರು ಗಡಿಯಾರ ನಿಲ್ಲಿಸುತ್ತಾರೆ. ಇನ್ನೊಬ್ಬರು ರಾಜನನ್ನು ಮಲಗಿಸುತ್ತಾರೆ. ಮತ್ತೊಬ್ಬರು ಏನೂ ಹೇಳದೆ ಕೈ ಚಾಚುತ್ತಾರೆ. ಇವು ಒಂದೊಂದಕ್ಕೂ ಬೇರೆ ಅರ್ಥ ಬರಬಹುದು, ಹಾಗಾಗಿ ಕೇಳಿ ಖಚಿತಪಡಿಸಿಕೊಳ್ಳಬೇಕು ಅಂತ ಫಿಡೆಯ ಆರ್ಬಿಟರ್‌ಗಳ ಕೈಪಿಡಿಯೇ ಎಚ್ಚರಿಸುತ್ತದೆ.

ಗೊಂದಲ ಹೇಗೆ ಹುಟ್ಟುತ್ತದೆ ನೋಡಿ. ಇಬ್ಬರು ಹುಡುಗರು ಆಡುತ್ತಿದ್ದಾರೆ, ಒಬ್ಬನಿಗೆ ಎರಡು ಪಾನ್ ಜಾಸ್ತಿ ಇದೆ. ಇನ್ನೊಬ್ಬ ಮಾತಿಲ್ಲದೆ ಕೈ ಚಾಚುತ್ತಾನೆ. ಮೊದಲನೆಯವನು ಅದನ್ನು ರಿಸೈನ್ ಅಂದುಕೊಂಡು ಕೈ ಕೊಡುತ್ತಾನೆ. ಚಾಚಿದವನು "ನಾನು ಡ್ರಾ ಕೇಳಿದ್ದು, ಅವನು ಒಪ್ಪಿಕೊಂಡ" ಅನ್ನುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆರ್ಬಿಟರ್ ಬರುವ ಹೊತ್ತಿಗೆ ಕಾಯಿಗಳೂ ಜಾಗ ಬಿಟ್ಟಿರುತ್ತವೆ. ಒಬ್ಬ ಅಳುತ್ತಾ ಹೊರಗೆ ಹೋಗುವುದು ಖಂಡಿತ. ಮಕ್ಕಳ ಟೂರ್ನಿಗಳಲ್ಲಿ ಇದು ಅಪರೂಪದ ಜಗಳವೇನಲ್ಲ.

ಇದನ್ನು ತಪ್ಪಿಸಲು ಮಾತೇ ಮೊದಲು ಬರಬೇಕು. "ಐ ರಿಸೈನ್" ಅಂತ ಎದುರಾಳಿಗೆ ಕೇಳುವಷ್ಟು, ಪಕ್ಕದ ಬೋರ್ಡ್‌ಗೆ ಕೇಳದಷ್ಟು ಮೆಲ್ಲಗೆ ಹೇಳಿ. ಕನ್ನಡದವರಾದರೆ "ರಿಸೈನ್ ಮಾಡ್ತೀನಿ" ಸಾಕು. ಆಮೇಲೆ ಗಡಿಯಾರ ನಿಲ್ಲಿಸಿ. ಡಿಜಿಟಲ್ ಕ್ಲಾಕ್ ಆದರೆ ಮಧ್ಯದ ಪಾಸ್ ಬಟನ್ ಒತ್ತಿ, ನಿಮ್ಮ ಕಡೆಯ ಲಿವರ್ ಅಲ್ಲ. ಲಿವರ್ ಒತ್ತಿದರೆ ಎದುರಾಳಿಯ ಸಮಯ ಓಡತೊಡಗುತ್ತದೆ, ನೀವು ಇನ್ನೂ ಆಡುತ್ತಿದ್ದೀರಿ ಅಂತ ಅವರು ಗೊಂದಲಕ್ಕೆ ಬೀಳುತ್ತಾರೆ. ಗಡಿಯಾರ ನಿಂತ ಮೇಲೆ ಕೈ.

ಎದುರಾಳಿಯೇ ಮಾತಿಲ್ಲದೆ ಕೈ ಚಾಚಿದರೆ? ಕೈ ಕೊಡುವ ಮೊದಲು "ರಿಸೈನಾ, ಡ್ರಾನಾ?" ಅಂತ ಕೇಳಿಬಿಡಿ. ಇದು ಒರಟುತನ ಅಲ್ಲ. ಯಾರಿಗೂ ಬೇಜಾರಾಗುವುದಿಲ್ಲ.

"ಚೆಕ್‌ಮೇಟ್" ಅಂದ ತಕ್ಷಣ ಕೈ ಕೊಡಬೇಡಿ

ಎದುರಾಳಿ ಜೋರಾಗಿ "ಮೇಟ್" ಅಂದು ಕೈ ಚಾಚಿದರೆ ಎಷ್ಟೋ ಜನ ಗಾಬರಿಯಲ್ಲಿ ಕೈ ಕೊಟ್ಟುಬಿಡುತ್ತಾರೆ. ಅದು ಮೇಟ್ ಅಲ್ಲದೆಯೂ ಇರಬಹುದು. ಆದರೆ ಕೈ ಕುಲುಕಿದಿರಿ, ನಡೆಗಳನ್ನು ಬರೆಯುವ ಸ್ಕೋರ್ ಶೀಟ್‌ಗೆ ಸಹಿ ಹಾಕಿದಿರಿ ಅಂದರೆ ನೀವು ಸೋಲು ಒಪ್ಪಿಕೊಂಡಂತೆ. ಆಮೇಲೆ ಆರ್ಬಿಟರ್ ಬಳಿ ಹೋದರೂ ಸಾಮಾನ್ಯವಾಗಿ ಅದೇ ಫಲಿತಾಂಶ ನಿಲ್ಲುತ್ತದೆ.

ಅದಕ್ಕೆ ಮೂರು ಪ್ರಶ್ನೆ ಕೇಳಿಕೊಳ್ಳಿ. ರಾಜ ಬೇರೆ ಮನೆಗೆ ಹೋಗಬಹುದಾ? ಚೆಕ್ ಕೊಟ್ಟ ಕಾಯಿಯನ್ನು ಹೊಡೆಯಬಹುದಾ? ನಡುವೆ ಏನಾದರೂ ಅಡ್ಡ ಇಡಬಹುದಾ? ಮೂರಕ್ಕೂ "ಇಲ್ಲ" ಅಂದರೆ ಮಾತ್ರ ಕೈ ಕೊಡಿ. ಅಲ್ಲಿಯವರೆಗೆ ಅವರ ಕೈ ಗಾಳಿಯಲ್ಲಿದ್ದರೆ "ಒಂದ್ನಿಮಿಷ" ಅಂದರೆ ಸಾಕು.

ದೂರು ಏನಾದರೂ ಇದ್ದರೂ ಇದೇ ಸಮಯ. ಅವರು ತಪ್ಪು ನಡೆ ಆಡಿದ್ದರು, ಯಾರೋ ಹೇಳಿಕೊಟ್ಟರು, ಗಡಿಯಾರ ಸರಿಯಾಗಿ ಸೆಟ್ ಆಗಿರಲಿಲ್ಲ, ಹೀಗೆ ಏನೇ ಇದ್ದರೂ ಗಡಿಯಾರ ನಿಲ್ಲಿಸಿ, ಕೈ ಎತ್ತಿ ಆರ್ಬಿಟರ್‌ನ ಕರೆಯಿರಿ. ಅವರ ತೀರ್ಮಾನ ಬಂದ ಮೇಲೆ ಅದು ಏನೇ ಆಗಿರಲಿ, ಕೈ ಕುಲುಕಿ. ಕೈ ಕುಲುಕಿ ಹೊರಗೆ ಬಂದು, ಅಪ್ಪ ಅಮ್ಮನ ಹತ್ತಿರ ಮಾತಾಡಿ, ಆಮೇಲೆ ವಾಪಸ್ ಹೋಗಿ ದೂರು ಕೊಡುವುದು ನಿಲ್ಲುವುದೂ ಇಲ್ಲ, ನೋಡಲು ಚೆನ್ನಾಗಿಯೂ ಇರುವುದಿಲ್ಲ.

ಆ ಎರಡು ಸೆಕೆಂಡ್

ಕೈಯನ್ನು ಬೋರ್ಡ್ ಮೇಲೆ ಅಲ್ಲ, ಬೋರ್ಡ್‌ನ ಪಕ್ಕದಿಂದ ಚಾಚಿ. ಉದ್ದ ತೋಳಿನ ಅಂಗಿ ಇದ್ದರೆ ಕಾಯಿಗಳು ಉರುಳುತ್ತವೆ, ಪಕ್ಕದ ಬೋರ್ಡ್‌ಗಳಲ್ಲಿ ಇನ್ನೂ ಆಟ ನಡೆಯುತ್ತಿರುತ್ತದೆ. ಮೂರು ಗಂಟೆ ಕೂತ ಮೇಲೆ ಅಂಗೈ ಬೆವರಿರುತ್ತದೆ, ಕರ್ಚೀಫಿನಲ್ಲಿ ಒರೆಸಿಕೊಳ್ಳಿ. ಮುಖ ನೋಡಿ, ಒಮ್ಮೆ ಕುಲುಕಿ, ಬಿಟ್ಟುಬಿಡಿ. ಎದುರಿಗಿರುವವರು ವಯಸ್ಸಾದವರಾದರೆ ಕುರ್ಚಿಯಿಂದ ಅರ್ಧ ಏಳುವುದು ನಮ್ಮಲ್ಲಿ ತಾನಾಗಿಯೇ ಬರುತ್ತದೆ. ನಗು ಬರದಿದ್ದರೆ ಬಲವಂತವಾಗಿ ನಗಬೇಡಿ, ಮುಖ ಸಪ್ಪಗಿದ್ದರೂ ಪರವಾಗಿಲ್ಲ. ಕಣ್ಣು ಬೇರೆ ಕಡೆ ಇಟ್ಟುಕೊಂಡು ಬೆರಳ ತುದಿ ಮಾತ್ರ ಕೊಡುವುದು ಮಾತ್ರ ಬೇಡ.

ಹೇಳಬೇಕಾದ್ದು ಎರಡೇ ಪದ, "ವೆಲ್ ಪ್ಲೇಡ್". ತಮಿಳುನಾಡಿನವರು, ಕೇರಳದವರು, ಮಹಾರಾಷ್ಟ್ರದವರು ಎಲ್ಲರೂ ಬರುವ ಟೂರ್ನಿಯಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಕನ್ನಡದವರಾದರೆ "ಚೆನ್ನಾಗಿ ಆಡಿದ್ರಿ ಸರ್". ಇನ್ನೂ ಏನಾದರೂ ಹೇಳಬೇಕು ಅನ್ನಿಸಿದರೆ ಅವರ ಒಂದು ನಿರ್ದಿಷ್ಟ ನಡೆಯನ್ನು ಹೇಳಿ: "ಆ ರೂಕ್ ಸ್ಯಾಕ್ರಿಫೈಸ್ ನಾನು ನೋಡಿರಲೇ ಇಲ್ಲ." ಗೆದ್ದವರಿಗೆ ಇದಕ್ಕಿಂತ ಸಂತೋಷ ಕೊಡುವ ಮಾತಿಲ್ಲ.

ಇಲ್ಲಿ ಬಾಯಿಗೆ ಬರುವ ಆದರೆ ನುಂಗಿಕೊಳ್ಳಬೇಕಾದ ಮಾತುಗಳೂ ಇವೆ. "ನಾನೇ ಗೆಲ್ತಿದ್ದೆ." "ಟೈಮ್ ಇದ್ದಿದ್ರೆ ನೋಡ್ಬೇಕಿತ್ತು." "ರಾತ್ರಿ ನಿದ್ದೆ ಇಲ್ಲ, ಬಸ್ಸಲ್ಲಿ ಬಂದೆ." ಎಲ್ಲವೂ ನಿಜವೇ ಇರಬಹುದು. ಆದರೆ ಕೇಳಿದವರಿಗೆ "ನೀನು ಗೆದ್ದಿದ್ದು ನಿನ್ನ ಆಟದಿಂದಲ್ಲ" ಅಂತಲೇ ಕೇಳಿಸುತ್ತದೆ. ನೀವು ನಿಜವಾಗಿಯೂ ಗೆಲ್ಲುವ ಸ್ಥಿತಿಯಲ್ಲಿದ್ದರೆ ಹತ್ತು ನಿಮಿಷ ಬಿಟ್ಟು ಹೊರಗೆ ಇಬ್ಬರೂ ಕೂತು ನೋಡುವಾಗ ಬೋರ್ಡೇ ಅದನ್ನು ಹೇಳುತ್ತದೆ.

ಒಂದು ಉದಾಹರಣೆ: ನಲವತ್ತೈದರ ನೀವು, ಹತ್ತರ ಹುಡುಗಿ

ನಮ್ಮ ಟೂರ್ನಿಗಳಲ್ಲಿ ತುಂಬಾ ಸಾಮಾನ್ಯವಾದ, ದೊಡ್ಡವರಿಗೆ ತುಂಬಾ ಕಷ್ಟವಾದ ಸನ್ನಿವೇಶ ಇದು. ನೀವು ಕಪ್ಪು. ನಿಮ್ಮ ಬಳಿ ರಾಜ ಮತ್ತು ಎರಡು ಪಾನ್. ಅವಳ ಬಳಿ ರಾಜ, ರೂಕ್, ಒಂದು ಪಾನ್. ನಿಮಗೆ ಹನ್ನೊಂದು ನಿಮಿಷ, ಅವಳಿಗೆ ಆರು ನಿಮಿಷ, ಪ್ರತಿ ನಡೆಗೆ ಮೂವತ್ತು ಸೆಕೆಂಡ್ ಸೇರುತ್ತದೆ. ನಿಮ್ಮ ಪಾನ್‌ಗಳು ಇನ್ನೂ ಹಿಂದೆಯೇ ಇವೆ, ಅವಳ ರೂಕ್ ಅವುಗಳ ಬೆನ್ನಿಗೆ ಬಂದಿದೆ.

ನಾಲ್ಕೈದು ನಡೆ ಆಡಿ ನೋಡುತ್ತೀರಿ. ಅವಳು ತಡವರಿಸದೆ ಒಂದು ಪಾನ್ ಹೊಡೆದು, ರಾಜನನ್ನು ಸರಿಯಾದ ಕಡೆಗೇ ತರುತ್ತಾಳೆ. ಮೂವತ್ತು ಸೆಕೆಂಡ್ ಸೇರುವುದರಿಂದ ಅವಳ ಸಮಯ ಮುಗಿಯುವುದಿಲ್ಲ. ಅವಳಿಗೆ ಗೆಲ್ಲಲು ಬರುತ್ತದೆ ಅಂತ ಗೊತ್ತಾಯಿತು. ಈಗ ರಿಸೈನ್ ಮಾಡುವ ಹೊತ್ತು. ನಿಮ್ಮ ಸರದಿ ಬಂದಾಗ "ರಿಸೈನ್ ಮಾಡ್ತೀನಿ ಪುಟ್ಟಾ" ಅನ್ನಿ, ಗಡಿಯಾರ ನಿಲ್ಲಿಸಿ, ಕೈ ಚಾಚಿ. ಮಗು ಮೇಜಿನ ಆ ಕಡೆಯಿಂದ ಪೂರ್ತಿ ಬಾಗಬೇಕಾಗುತ್ತದೆ, ಹಾಗಾಗಿ ನೀವೇ ಸ್ವಲ್ಪ ಮುಂದೆ ಬಾಗಿ. "ಎಂಡ್‌ಗೇಮ್ ತುಂಬಾ ಚೆನ್ನಾಗಿ ಆಡಿದೆ" ಅನ್ನಿ.

ಇಲ್ಲಿ ದೊಡ್ಡವರು ಜಾಸ್ತಿ ಎಡವುವುದು ಎರಡು ಕಡೆ. ಒಂದು, ಮಗುವಿಗೆ ಅಲ್ಲೇ ಪಾಠ ಶುರು ಮಾಡುವುದು: "ಇಪ್ಪತ್ತನೇ ನಡೆಯಲ್ಲಿ ನೀನು ಹೀಗೆ ಆಡಬೇಕಿತ್ತು ನೋಡು." ಸೋತವರು ಗೆದ್ದವರಿಗೆ ಕಲಿಸುವುದು ಎಷ್ಟು ವಿಚಿತ್ರ ಅಲ್ವಾ? ಇನ್ನೊಂದು, ಕೆನ್ನೆ ಹಿಂಡಿ, ತಲೆ ಸವರಿ, ಗೆಲುವನ್ನು ತಮಾಷೆ ಮಾಡಿಬಿಡುವುದು. ಅವಳು ನಿಮ್ಮ ಎದುರಾಳಿ. ಬೇರೆಯವರಿಗೆ ಕೊಡುವ ಕೈಯನ್ನೇ ಅವಳಿಗೂ ಕೊಡಿ.

ಸಹಿ ಹಾಕುವ ಮುಂಚೆ ಓದಿ

ಕ್ಲಾಸಿಕಲ್ ಆಟದಲ್ಲಿ ಕೈ ಕುಲುಕಿದ ಮೇಲೆ ಇಬ್ಬರೂ ಇಬ್ಬರ ಸ್ಕೋರ್ ಶೀಟ್‌ಗಳಲ್ಲೂ ಫಲಿತಾಂಶ ಬರೆದು ಸಹಿ ಹಾಕಬೇಕು. ಬಿಳಿ ಗೆದ್ದರೆ 1-0, ಕಪ್ಪು ಗೆದ್ದರೆ 0-1. ಮೇಲಿನ ಉದಾಹರಣೆಯಲ್ಲಿ 1-0. ಸಹಿ ಹಾಕಿದ ಫಲಿತಾಂಶ ತಪ್ಪಾಗಿದ್ದರೂ ಆರ್ಬಿಟರ್ ಬೇರೆ ತೀರ್ಮಾನ ಮಾಡದ ಹೊರತು ಅದೇ ನಿಲ್ಲುತ್ತದೆ ಅಂತ ನಿಯಮವೇ ಹೇಳುತ್ತದೆ. ಸೋತ ಬೇಸರದಲ್ಲಿ ನೋಡದೆ ಗೀಚಿ ಎದ್ದು ಹೋಗುವವರಿಗೂ, ಗೆದ್ದ ಖುಷಿಯಲ್ಲಿ ಕೈ ತಪ್ಪಿ ಉಲ್ಟಾ ಬರೆಯುವವರಿಗೂ ಇದರಿಂದ ತೊಂದರೆ.

ರ‍್ಯಾಪಿಡ್ ಟೂರ್ನಿಗಳಲ್ಲಿ ಶೀಟ್ ಇರುವುದಿಲ್ಲ, ಫಲಿತಾಂಶವನ್ನು ಹೋಗಿ ಹೇಳಬೇಕು. ಇಬ್ಬರೂ ಒಟ್ಟಿಗೆ ಹೋದರೆ ಒಳ್ಳೆಯದು. ಅದು ಆಗದಿದ್ದರೆ ಮುಂದಿನ ಸುತ್ತಿನ ಜೋಡಿ ಹಾಕುವ ಮುಂಚೆ ನೋಟಿಸ್ ಬೋರ್ಡ್‌ನಲ್ಲಿ ಅಥವಾ chess-results.com ನಲ್ಲಿ ನಿಮ್ಮ ಹೆಸರಿನ ಮುಂದೆ ಏನಿದೆ ಅಂತ ನೋಡಿ. ತಪ್ಪಾಗಿ ನಿಮಗೇ ಒಂದು ಪಾಯಿಂಟ್ ಬಂದಿದ್ದರೂ ಹೋಗಿ ಹೇಳಿ.

ಫಲಿತಾಂಶ ತೋರಿಸಲು ರಾಜರನ್ನು ಮಧ್ಯದ ನಾಲ್ಕು ಮನೆಗಳಲ್ಲಿ ಇಡುವ ರೂಢಿಯೂ ಇದೆ. ಬಿಳಿ ಗೆದ್ದರೆ ಎರಡೂ ರಾಜ ಮಧ್ಯದ ಬಿಳಿ ಮನೆಗಳಲ್ಲಿ, ಕಪ್ಪು ಗೆದ್ದರೆ ಕಪ್ಪು ಮನೆಗಳಲ್ಲಿ, ಡ್ರಾ ಆದರೆ ಒಂದು ಬಿಳಿ ಮನೆ, ಒಂದು ಕಪ್ಪು ಮನೆ. ನೇರ ಪ್ರಸಾರದ ಎಲೆಕ್ಟ್ರಾನಿಕ್ ಬೋರ್ಡ್‌ಗಳು ಇದರಿಂದಲೇ ಫಲಿತಾಂಶ ತಿಳಿದುಕೊಳ್ಳುತ್ತವೆ. ಆಮೇಲೆ ಕಾಯಿಗಳನ್ನು ಮೊದಲಿನ ಜಾಗಕ್ಕೆ ಜೋಡಿಸಿ. 2024ರ ಡಿಸೆಂಬರ್‌ನಲ್ಲಿ ಸಿಂಗಾಪುರದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಸೋತ ಚೀನಾದ ಡಿಂಗ್ ಲಿರೆನ್ ಕೈ ಕೊಟ್ಟು ಹೋದ ಮೇಲೆ ಗುಕೇಶ್ ಕಣ್ಣೀರು ಒರೆಸಿಕೊಳ್ಳುತ್ತಾ ಒಂದೊಂದೇ ಕಾಯಿ ಜೋಡಿಸಿದ್ದನ್ನು ನೋಡಿರುತ್ತೀರಿ. ಆಗಷ್ಟೇ ವಿಶ್ವ ಚಾಂಪಿಯನ್ ಆಗಿದ್ದವರು ಜೋಡಿಸಬಹುದಾದರೆ ನಮಗೇನು ಕಷ್ಟ? ಸೋತವರಿಗೆ ಇನ್ನೊಂದು ಲಾಭ: ಆ ಅರ್ಧ ನಿಮಿಷ ಕೈಗೆ ಕೆಲಸ ಇರುತ್ತದೆ, ಉಸಿರು ಸರಿಹೋಗುತ್ತದೆ.

ಸಿಟ್ಟು ಮೊದಲೇ ಹೊರಗೆ ಬಂದುಬಿಟ್ಟರೆ

2025ರ ಜೂನ್‌ನಲ್ಲಿ ನಾರ್ವೆ ಚೆಸ್ ಟೂರ್ನಿಯಲ್ಲಿ ಅದೇ ಗುಕೇಶ್ ವಿರುದ್ಧ ಗೆಲ್ಲುವ ಆಟ ಸೋತ ಮ್ಯಾಗ್ನಸ್ ಕಾರ್ಲ್‌ಸನ್ ಮೇಜಿಗೆ ಗುದ್ದಿದರು, ಕಾಯಿಗಳು ಹಾರಿದವು. ಆ ವಿಡಿಯೋ ಎಲ್ಲರ ಫೋನಿಗೂ ಬಂದಿತ್ತು. ನಾನು ಆ ಗುದ್ದನ್ನು ಸಮರ್ಥಿಸುವುದಿಲ್ಲ. ಆದರೆ ಜನ ಗುದ್ದನ್ನಷ್ಟೇ ನೆನಪಿಟ್ಟುಕೊಂಡರು, ಮುಂದಿನದನ್ನು ಮರೆತರು. ಅವರು ಕೈ ಕುಲುಕಿದರು, ಸಾರಿ ಕೇಳಿದರು, ಹೋಗುವಾಗ ಗುಕೇಶ್ ಬೆನ್ನು ತಟ್ಟಿದರು.

ನಿಮಗೂ ಹೀಗಾಗಿ ಪೆನ್ ಎಸೆದಿರಿ ಅಥವಾ ಕುರ್ಚಿ ಜೋರಾಗಿ ತಳ್ಳಿದಿರಿ ಅನ್ನಿ. ತಕ್ಷಣ ಸರಿಪಡಿಸಿ: ಬಿದ್ದದ್ದು ಎತ್ತಿಡಿ, ಕೈ ಚಾಚಿ, "ಸಾರಿ, ನಿಮ್ಮ ಮೇಲೆ ಅಲ್ಲ, ನನ್ನ ಮೇಲೇ ಸಿಟ್ಟು" ಅನ್ನಿ. ಪಕ್ಕದ ಬೋರ್ಡ್‌ನವರಿಗೂ ಕೈ ಸನ್ನೆಯಲ್ಲಿ ಸಾರಿ ಹೇಳಿ, ಅವರ ಗಡಿಯಾರ ಇನ್ನೂ ಓಡುತ್ತಿದೆ. ಸಂಜೆ ವಾಟ್ಸಾಪ್‌ನಲ್ಲಿ ಕಳಿಸುವ ಉದ್ದನೆಯ ಕ್ಷಮಾಪಣೆಗಿಂತ ಅಲ್ಲೇ ಹೇಳಿದ ಒಂದು ಸಾಲು ಮೇಲು.

ಎದುರಾಳಿ ಕೈ ಕೊಡದಿದ್ದರೆ

ಚಾಚಿದ ಕೈಯನ್ನು ಹಾಗೇ ಹಿಡಿದು ಕಾಯಬೇಡಿ, ಎರಡನೇ ಸಲ ಒತ್ತಾಯವೂ ಬೇಡ. ಸಹಿ ಮಾಡಿಸಿಕೊಂಡು ಹೊರಡಿ. ಬೈದರೆ ಅಥವಾ ಅವಮಾನ ಮಾಡಿದರೆ ಮಾತ್ರ ಆರ್ಬಿಟರ್‌ಗೆ ತಿಳಿಸಿ.

ಕೈ ಕೊಡದಿರುವುದೆಲ್ಲ ಅಹಂಕಾರ ಅಂತಲೂ ಅಲ್ಲ. 2025ರ ಜನವರಿಯಲ್ಲಿ ನೆದರ್ಲೆಂಡ್ಸ್‌ನ ವೈಕ್ ಆನ್ ಜೀ ಊರಿನ ಟೂರ್ನಿಯಲ್ಲಿ ಉಜ್ಬೇಕಿಸ್ತಾನದ ನೋದಿರ್ಬೆಕ್ ಯಾಕುಬ್ಬೊಯೆವ್ ಆಟಕ್ಕೆ ಮುಂಚೆ ನಮ್ಮ ವೈಶಾಲಿ ಚಾಚಿದ ಕೈ ಹಿಡಿಯಲಿಲ್ಲ. ಧಾರ್ಮಿಕ ಕಾರಣಕ್ಕೆ ತಾನು ಬೇರೆ ಹೆಂಗಸರನ್ನು ಮುಟ್ಟುವುದಿಲ್ಲ ಅಂತ ಆಮೇಲೆ ವಿವರಿಸಿ, ಹೂವು, ಚಾಕೊಲೇಟ್ ಕೊಟ್ಟು ಕ್ಷಮೆ ಕೇಳಿದರು. ಮೊದಲೇ ಒಂದು ಮಾತು ಹೇಳಿದ್ದರೆ ಇಷ್ಟು ಸುದ್ದಿಯೇ ಆಗುತ್ತಿರಲಿಲ್ಲ. ಅದೇ ಊರಿನಲ್ಲಿ 2008ರಲ್ಲಿ ಆಟದ ಆರಂಭದಲ್ಲಿ ಬಲ್ಗೇರಿಯಾದ ಇವಾನ್ ಚೆಪರಿನೋವ್ ಇಂಗ್ಲೆಂಡಿನ ನೈಜೆಲ್ ಶಾರ್ಟ್‌ಗೆ ಕೈ ಕೊಡದೆ ಆಟವನ್ನೇ ಕಳೆದುಕೊಂಡಿದ್ದರು. ಮೇಲ್ಮನವಿಯ ನಂತರ ಮತ್ತೆ ಆಡಿಸಿದಾಗ ಶಾರ್ಟ್ ಗೆದ್ದರು. ಆಗಿನ ಫಿಡೆ ನಿಯಮ ಕೈಯೇ ಕುಲುಕಬೇಕು ಅಂದಿರಲಿಲ್ಲ, ತಮ್ಮ ಸಮಾಜದ ರೂಢಿಯಂತೆ ವಂದಿಸಿದರೂ ಸಾಕಿತ್ತು. ಹಾಗಾಗಿ ಕೈ ಕೊಡಲು ಇಷ್ಟವಿಲ್ಲದವರು, ನೆಗಡಿ ಜ್ವರ ಇರುವವರು ಧಾರಾಳವಾಗಿ ಕೈ ಮುಗಿಯಿರಿ. ಆದರೆ ಅವರು ಕೈ ಚಾಚುವ ಮುಂಚೆಯೇ ಮುಗಿಯಿರಿ.

ಹಾಲ್‌ನಿಂದ ಹೊರಗೆ

ನಿಮ್ಮ ಆಟ ಮುಗಿದ ಮೇಲೆ ನೀವು ಬರೀ ಪ್ರೇಕ್ಷಕರು. ಹಾಲ್ ಒಳಗೆ ಆಟದ ಚರ್ಚೆ ಬೇಡ. ಹೊರಗೆ ಬಂದು "ಒಂದ್ಸಲ ನೋಡೋಣ್ವಾ?" ಅಂತ ಕೇಳುವುದು ಚೆಸ್‌ನ ಹಳೆಯ, ಚೆಂದದ ಪದ್ಧತಿ. ಈ ಪ್ರಶ್ನೆಯನ್ನು ಸೋತವರು ಕೇಳಿದರೆ ಇನ್ನೂ ಚೆನ್ನ. ಗೆದ್ದವರು ಕೇಳಿದಾಗ ಮನಸ್ಸಿಲ್ಲದಿದ್ದರೆ "ಈಗ ಬೇಡ, ಊಟ ಆದ್ಮೇಲೆ ನೋಡೋಣ" ಅಂದರೆ ತಪ್ಪೇನಿಲ್ಲ. ಕೂತರೆ ಮಾತ್ರ ಅವರು ಏನು ಯೋಚಿಸಿದ್ದರು ಅಂತ ಕೇಳಿ. ಪ್ರತಿ ನಡೆಗೂ "ಇದು ಆಡಿದ್ರೆ ನಾನು ವಿನ್ನಿಂಗ್" ಅಂತ ಎಂಜಿನ್ ತೋರಿಸುತ್ತಾ ಹೋದರೆ ಹತ್ತು ನಿಮಿಷದ ಹಿಂದೆ ಕೊಟ್ಟ ಕೈಯನ್ನು ವಾಪಸ್ ಕಿತ್ತುಕೊಂಡ ಹಾಗೆ.

ಮಕ್ಕಳಿಗೆ ಇದನ್ನೆಲ್ಲ ಟೂರ್ನಿಯ ದಿನ ಹೇಳಿಕೊಟ್ಟರೆ ಆಗುವುದಿಲ್ಲ. ಮನೆಯಲ್ಲಿ ಒಂದು ಸೋತ ಸ್ಥಿತಿಯನ್ನು ಬೋರ್ಡ್ ಮೇಲಿಟ್ಟು, "ರಿಸೈನ್" ಅನ್ನುವುದು, ಪಾಸ್ ಒತ್ತುವುದು, ಪಕ್ಕದಿಂದ ಕೈ ಚಾಚುವುದು, ಫಲಿತಾಂಶ ಬರೆಯುವುದು, ಇಷ್ಟನ್ನೂ ಆಟದ ಹಾಗೆ ಆಡಿಸಿ. ಒಂದು ಸಲ ಮಗು ಸೋಲಲಿ, ಒಂದು ಸಲ ನೀವು ಸೋಲಿ. ಅಳು ಬಂದರೂ ಕೈ ಕೊಟ್ಟು, ಸಹಿ ಹಾಕಿ, ಹೊರಗೆ ಬಂದು ಅಳಬಹುದು ಅಂತ ಮೊದಲೇ ಹೇಳಿಡಿ. ಅಳಲೇಬಾರದು ಅಂತ ಹೇಳಿಕಳಿಸಿದ ಮಗು ಆ ಗಳಿಗೆಯಲ್ಲಿ ಕೈ ಕೊಡುವುದನ್ನೇ ಬಿಟ್ಟು ಓಡಿಬರುತ್ತದೆ.

ಬಾಗಿಲಲ್ಲಿ ಕಾಯುತ್ತಿರುವ ಅಪ್ಪ ಅಮ್ಮ ಮೊದಲು ಕೇಳುವುದು "ಏನಾಯ್ತು?" ಅಂತ. ಅದರ ಬದಲು ನೀರಿನ ಬಾಟಲಿ ಕೊಡಿ, ಮುಖ ನೋಡಿದರೆ ಏನಾಯ್ತು ಅಂತ ಗೊತ್ತಾಗುತ್ತದೆ. ಎದುರಾಳಿ ಮಗುವಿನ ಅಪ್ಪ ಅಮ್ಮನೂ ಅಲ್ಲೇ ಎಲ್ಲೋ ನಿಂತಿರುತ್ತಾರೆ. ಹೋಗಿ "ನಿಮ್ಮ ಮಗ ಚೆನ್ನಾಗಿ ಆಡಿದ" ಅಂತ ಹೇಳಿ ಬನ್ನಿ. ನಿಮ್ಮ ಮಗು ನೋಡುತ್ತಿರುವಾಗಲೇ ಹೇಳಿ. ಮುಂದಿನ ಸುತ್ತಿಗೆ ಇನ್ನೂ ಸಮಯ ಇದ್ದರೆ ಇಬ್ಬರಿಗೂ ಬಿಸ್ಕತ್ತು ಕೊಡಿಸಿ.